ಥಂಬ್‌ನೇಲ್ ಮೇಲೆ ‘ಶಿಡ್ಲಘಟ್ಟ’: ಮೂರು ದಪ್ಪ ಫಾಂಟ್‌ಗಳ ಹೋಲಿಕೆ

ರೇಷ್ಮೆ ಗೂಡಿನ ದರ ತಿಳಿಸುವ ವಿಡಿಯೊಗಳಿಗೆ ನಾನು ಥಂಬ್‌ನೇಲ್ ಮಾಡಿಕೊಡುತ್ತೇನೆ. ನೋಡುವವರು ಹೆಚ್ಚಾಗಿ ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರದ ಕಡೆಯ ಬೆಳೆಗಾರರು ಮತ್ತು ಗೂಡಿನಿಂದ ನೂಲು ತೆಗೆಯುವ ರೀಲರುಗಳು. ಮಾರುಕಟ್ಟೆಯ ಅಂಗಳದಲ್ಲಿ, ಬಿಸಿಲಿನಲ್ಲಿ, ಒಂದು ಕೈಯಲ್ಲಿ ಮೊಬೈಲ್ ಹಿಡಿದು ಪಟ್ಟಿಯನ್ನು ಸರಿಸುತ್ತಾ ಹೋಗುವವರಿಗೆ ಅಕ್ಷರ ಒಂದೇ ನೋಟಕ್ಕೆ ದಕ್ಕಬೇಕು. ಚಿತ್ರದ ಮೇಲೆ ಮತ್ತೆ ಮತ್ತೆ ಬರುವ ಪದ ‘ಶಿಡ್ಲಘಟ್ಟ’. ದಪ್ಪ ಫಾಂಟ್ ಒಂದರ ಯೋಗ್ಯತೆ ಅಳೆಯಲು ಇಷ್ಟು ಕಠಿಣವಾದ ಪದ ನನಗೆ ಬೇರೆ ಸಿಕ್ಕಿಲ್ಲ. ಶಕಾರದ ಮೇಲೆ ಗುಡಿಸು, ಡಕಾರದ ಕೆಳಗೆ ಲ ಒತ್ತು, ಒಳಗೆಲ್ಲ ಸಂದುಗಳೇ ಇರುವ ಘ, ಕೊನೆಯಲ್ಲಿ ಟಕಾರಕ್ಕೆ ಟ ಒತ್ತು.

ಮೊದಲು ಅಳತೆಯ ಲೆಕ್ಕ ನೋಡೋಣ. ನಾವು ಥಂಬ್‌ನೇಲ್ ಮಾಡುವುದು 1280 ಪಿಕ್ಸೆಲ್ ಅಗಲ, 720 ಪಿಕ್ಸೆಲ್ ಎತ್ತರದಲ್ಲಿ. ನಾನು ಅದನ್ನು 160 ಪಿಕ್ಸೆಲ್ ಅಗಲಕ್ಕೆ, ಅಂದರೆ ಎಂಟನೇ ಒಂದು ಭಾಗಕ್ಕೆ ಇಳಿಸಿ ಪರೀಕ್ಷಿಸುತ್ತೇನೆ. ಮೂಲದಲ್ಲಿ 24 ಪಿಕ್ಸೆಲ್ ದಪ್ಪವಿದ್ದ ಗೆರೆ ಅಲ್ಲಿ 3 ಪಿಕ್ಸೆಲ್ ಆಗಿ ಉಳಿಯುತ್ತದೆ. ಅದು ಸಾಕು. ಆದರೆ ಅಕ್ಷರದೊಳಗೆ 8 ಪಿಕ್ಸೆಲ್ ಇದ್ದ ಸಂದು ಒಂದೇ ಪಿಕ್ಸೆಲ್‌ಗೆ ಬರುತ್ತದೆ. ಅದರ ಬಣ್ಣ ಅಕ್ಕಪಕ್ಕದ ಗೆರೆಗಳ ಬಣ್ಣದೊಂದಿಗೆ ಬೆರೆತು ಸಂದು ಮುಚ್ಚಿದಂತೆ ಕಾಣುತ್ತದೆ. ಕನ್ನಡದಲ್ಲಿ ಹೀಗಾದರೆ ಅಕ್ಷರವೇ ಬದಲಾಗಿಬಿಡುತ್ತದೆ. ಠಕಾರದ ಚುಕ್ಕೆ ಹೋದರೆ ಅದು ರ, ಧಕಾರದ ಕೆಳಗಿನ ಸೀಳು ಹೋದರೆ ಅದು ದ. ಹಾಗಾಗಿ ಫಾಂಟ್ ಎಷ್ಟು ದಪ್ಪವಿದೆ ಎಂದು ನಾನು ನೋಡುವುದಿಲ್ಲ, ಅಷ್ಟು ದಪ್ಪವಾದ ಮೇಲೂ ಒಳಗೆ ಎಷ್ಟು ಜಾಗ ಉಳಿದಿದೆ ಎಂದು ನೋಡುತ್ತೇನೆ. ಮೂಲ ಅಳತೆಯಲ್ಲಿ ಅತಿ ಕಿರಿದಾದ ಸಂದೂ 14–16 ಪಿಕ್ಸೆಲ್ ಇರಲಿ ಎಂಬುದು ನನ್ನ ನಿಯಮ.

ಹೋಲಿಸಿದ್ದು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಮೂರನ್ನು: Noto Sans Kannada, Baloo Tamma 2, Anek Kannada. ಹಳದಿ ಅಕ್ಷರ, ಕಡುಹಸಿರು ಹಿನ್ನೆಲೆ, ಪದದ ಒಟ್ಟು ಅಗಲ ಸುಮಾರು 850 ಪಿಕ್ಸೆಲ್. ಮೂರಕ್ಕೂ ಇದೇ ಅಳತೆ.

ನೋಟೊದಲ್ಲಿ ದಪ್ಪದ ಅಂಕಿ, ಅಂದರೆ weight, 900ರವರೆಗೆ ಹೋಗುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದಾಗಿ ನೋಡಿದಾಗ ಮೂರರಲ್ಲಿ ಇದರದೇ ಗತ್ತು. ಇಳಿಸಿ ನೋಡಿದರೆ ಶಿ ಚೆನ್ನಾಗಿತ್ತು, ಟ ಚೆನ್ನಾಗಿತ್ತು, ಘ ಮಾತ್ರ ಮುದ್ದೆಯಾಗಿತ್ತು. ಒತ್ತುಗಳ ಪಾಡು ಇನ್ನೂ ಕಷ್ಟ. ಒತ್ತು ಮೂಲ ಅಕ್ಷರಕ್ಕಿಂತ ಎಷ್ಟೋ ಚಿಕ್ಕದು, ಆದರೆ ಅದರ ಗೆರೆಯ ದಪ್ಪ ಆ ಪ್ರಮಾಣದಲ್ಲಿ ಇಳಿದಿರುವುದಿಲ್ಲ. ದಪ್ಪ ಹೆಚ್ಚಿಸಿದಂತೆ ಮೊದಲು ಮುಚ್ಚಿಕೊಳ್ಳುವುದು ಒತ್ತಿನ ಒಳಸಂದು. ದಪ್ಪವನ್ನು 700ಕ್ಕೆ ಇಳಿಸಿದಾಗ ಘ ತೆರೆದುಕೊಂಡಿತು, ಲ ಒತ್ತೂ ಗುರುತು ಸಿಕ್ಕಿತು. 900ನ್ನು ನಾನೀಗ ಅಂಕಿಗಳಿಗೆ ಮಾತ್ರ ಬಳಸುತ್ತೇನೆ. 1, 4, 7ರಂಥ ಅಂಕಿಗಳಲ್ಲಿ ಮುಚ್ಚಿಕೊಳ್ಳಲು ಹೆಚ್ಚೇನೂ ಇಲ್ಲ. ಕಿಲೊ ದರ ಎಷ್ಟೆಂಬುದು ದೂರದಿಂದಲೇ ಹೊಡೆದು ಕಾಣುತ್ತದೆ.

ಬಲೂ ತಮ್ಮದ ಗುಂಡನೆಯ ತುದಿಗಳು ನನಗೆ ತುಂಬಾ ಇಷ್ಟ. ಕೈಯಲ್ಲಿ ಬರೆದ ಅಂಗಡಿ ಬೋರ್ಡಿನ ಆತ್ಮೀಯತೆ ಅದರಲ್ಲಿದೆ. ‘ಗೂಡು ದರ’ ಎಂಬ ಎರಡು ಪದಗಳನ್ನು ಅದರ ಅತಿ ದಪ್ಪವಾದ 800ರಲ್ಲಿ ಹಾಕಿದರೆ ಎಷ್ಟು ಇಳಿಸಿದರೂ ಕೆಡುವುದಿಲ್ಲ. ಒತ್ತಿಲ್ಲ, ಮಹಾಪ್ರಾಣವಿಲ್ಲ, ಕೊಂಬುಗಳು ಪಕ್ಕಕ್ಕೆ ಬರುತ್ತವೆಯೇ ಹೊರತು ಕೆಳಗೆ ಜೋತುಬೀಳುವುದಿಲ್ಲ. ಆದರೆ ಅದೇ ದಪ್ಪದಲ್ಲಿ ‘ಶಿಡ್ಲಘಟ್ಟ’ ಹಾಕಿದಾಗ ಘ ಸೋತಿತು. ದಪ್ಪ ಇಳಿಸಿದರೆ ಓದಲು ಬರುತ್ತದೆ, ಆದರೆ ಯಾವ ಮೈಕಟ್ಟಿಗಾಗಿ ಈ ಫಾಂಟನ್ನು ಆರಿಸಿದೆವೋ ಅದೇ ಕರಗುತ್ತದೆ. ಚಿಕ್ಕ, ಸರಳ ಪದಗಳಿಗೆ ಇದೇ ನನ್ನ ಮೊದಲ ಆಯ್ಕೆ. ಊರ ಹೆಸರಿಗೆ ಅಲ್ಲ.

ಅನೇಕ್ ಕನ್ನಡದಲ್ಲಿ ದಪ್ಪದ ಜೊತೆಗೆ ಅಗಲವನ್ನೂ ಸಹಜ ಅಗಲದ ಶೇಕಡಾ 75ರಿಂದ 125ರವರೆಗೆ ಬದಲಿಸಬಹುದು. ಉದ್ದನೆಯ ಹೆಸರು ಕಂಡ ತಕ್ಷಣ ಅಗಲ ಕುಗ್ಗಿಸಿ ಎತ್ತರ ಹೆಚ್ಚಿಸುವ ಆಸೆ ಯಾರಿಗಾದರೂ ಆಗುತ್ತದೆ. 75ರಲ್ಲಿ ಹಾಕಿ ನೋಡಿದೆ: ಅಕ್ಷರಗಳು ಎತ್ತರವಾಗಿ ನಿಂತವು, ಆದರೆ ಅಡ್ಡಡ್ಡಲಾಗಿ ಸಂದುಗಳು ಕಿರಿದಾಗಿ ಘ ಮತ್ತೆ ಕಟ್ಟಿಕೊಂಡಿತು. ಕನ್ನಡದ ಅಕ್ಷರ ಅಡ್ಡಕ್ಕೆ ಹರಡುವಂಥದ್ದು, ಅದನ್ನು ಪಕ್ಕದಿಂದ ಹಿಂಡಬಾರದು. ದಪ್ಪ 700 ಇಟ್ಟು ಅಗಲವನ್ನು 112ರ ಸುಮಾರಿಗೆ ಒಯ್ದಾಗ ಫಲ ಸಿಕ್ಕಿತು. ಎತ್ತರ ಸ್ವಲ್ಪ ತಗ್ಗಿತು, ಆದರೆ 160 ಪಿಕ್ಸೆಲ್‌ನಲ್ಲೂ ಘಕಾರದ ಸಂದುಗಳನ್ನು ಬಿಡಿಬಿಡಿಯಾಗಿ ಗುರುತಿಸಬಹುದಿತ್ತು. ನನ್ನ ಚಿಕ್ಕಪ್ಪ ಕನ್ನಡಕ ಹಾಕಿಕೊಳ್ಳದೆ, ತೋಳುದ್ದ ದೂರ ಹಿಡಿದು, ತಡೆಯದೆ ಓದಿದ್ದು ಇದೊಂದನ್ನೇ. ಊರ ಹೆಸರಿಗೆ ನನ್ನ ತೀರ್ಪು ಅನೇಕ್ ಪರವಾಗಿದೆ. ನಿಮ್ಮ ಆ್ಯಪಿನಲ್ಲಿ ಅಗಲ ಬದಲಿಸುವ ಸೌಲಭ್ಯ ಇಲ್ಲದಿದ್ದರೆ, ಡೌನ್‌ಲೋಡ್ ಮಾಡಿದ ಕಡತದ static ಫೋಲ್ಡರಿನಲ್ಲಿ SemiExpanded ಎಂಬ ಹೆಸರಿನ ಫಾಂಟ್ ಇರುತ್ತದೆ. ಅದರ Bold ಹಾಕಿಕೊಳ್ಳಿ.

ಹುಬ್ಬಳ್ಳಿ, ಬೆಣ್ಣೆಯಂಥ ಒಂದೇ ದಪ್ಪದ ಫಾಂಟ್‌ಗಳಿಗೆ ‘ಬಿ’ ಗುಂಡಿ ಒತ್ತಿ ಕೃತಕವಾಗಿ ದಪ್ಪ ಮಾಡುವುದನ್ನು ಬಿಟ್ಟುಬಿಡಿ. ಹೀಗೆ ಮಾಡಿದಾಗ ತಂತ್ರಾಂಶ ಗೆರೆಯನ್ನು ಒಳಕ್ಕೂ ಹೊರಕ್ಕೂ ಉಬ್ಬಿಸುತ್ತದೆ. ದಪ್ಪ ಫಾಂಟಿನ ವಿನ್ಯಾಸಕಾರರು ಸಂದು ಉಳಿಯಲೆಂದು ಅಕ್ಷರವನ್ನು ತುಸು ಅಗಲಿಸಿ, ಇಕ್ಕಟ್ಟಾದ ಕಡೆ ಗೆರೆಯನ್ನು ತೆಳುಮಾಡಿರುತ್ತಾರೆ. ಗುಂಡಿಗೆ ಆ ವಿವೇಚನೆ ಇಲ್ಲ.

ಔಟ್‌ಲೈನ್ ವಿಷಯದಲ್ಲೂ ಹೀಗೆಯೇ. ಅಕ್ಷರದ ಬಣ್ಣದ್ದೇ ಔಟ್‌ಲೈನ್ ಹಾಕಿದರೆ ಸಂದು ಮುಚ್ಚುತ್ತದೆ. ಹಳದಿ ಅಕ್ಷರಕ್ಕೆ ಕಪ್ಪು ಔಟ್‌ಲೈನನ್ನು ಅಕ್ಷರದ ಹಿಂದೆ ಬರುವಂತೆ ಹಾಕಿದರೆ ಸಂದುಗಳೊಳಗೂ ಕಪ್ಪು ತುಂಬುತ್ತದೆ, ಅದರಿಂದ ಅವು ಇನ್ನಷ್ಟು ಎದ್ದು ಕಾಣುತ್ತವೆ. ಬಿಳಿ ಗೂಡುಗಳ ರಾಶಿಯ ಫೋಟೊ ಹಿನ್ನೆಲೆಯಲ್ಲಿದ್ದಾಗ ಇದಿಲ್ಲದೆ ಯಾವ ಫಾಂಟೂ ಬದುಕುವುದಿಲ್ಲ. ಔಟ್‌ಲೈನ್ ಅಕ್ಷರದ ಅಂಚಿನ ಮೇಲೆ ಅರ್ಧ ಒಳಗೆ, ಅರ್ಧ ಹೊರಗೆ ಕೂರುವಂತೆ ಇದ್ದರೆ ಒಳಗಿನ ಅರ್ಧ ಅಕ್ಷರವನ್ನೇ ತಿನ್ನುತ್ತದೆ, ಆ ಆಯ್ಕೆಯನ್ನು ಬದಲಿಸಿಕೊಳ್ಳಬೇಕು.

ಇನ್ನು ಸಾಲುಗಳ ಜೋಡಣೆ. ‘ಶಿಡ್ಲಘಟ್ಟ’ ಮೇಲೆ, ‘ಗೂಡು ದರ’ ಕೆಳಗೆ ಇಟ್ಟರೆ ಮೇಲಿನ ಒತ್ತುಗಳು ಕೆಳಗಿನ ತಲಕಟ್ಟುಗಳಿಗೆ ತಗಲುತ್ತವೆ, ಸಾಲುಗಳ ಅಂತರ ಹೆಚ್ಚಿಸಿದರೆ ಅಕ್ಷರ ಚಿಕ್ಕದಾಗುತ್ತದೆ. ಒತ್ತಿಲ್ಲದ ‘ಗೂಡು ದರ’ ಮೇಲೆ ಹೋದರೆ ಎರಡು ಸಾಲನ್ನೂ ಹತ್ತಿರ ತರಬಹುದು. ಆಗ ಊರ ಹೆಸರು ಕೆಳಗಿನ ಅಂಚಿಗೆ ಬರುತ್ತದೆ. ಅಲ್ಲಿ ಬಲಮೂಲೆಯಲ್ಲಿ ವಿಡಿಯೊದ ಅವಧಿ ತೋರಿಸುವ ಕಪ್ಪು ಪಟ್ಟಿ ಕೂರುತ್ತದೆ. ಪದ ಬಲಕ್ಕೆ ಚಾಚಿದ್ದರೆ ಕೊನೆಯ ಟ ಒತ್ತು ಅದರಡಿ ಮರೆಯಾಗಿ ‘ಶಿಡ್ಲಘಟ’ ಎಂದಾಗುತ್ತದೆ. ಆದ್ದರಿಂದ ಊರ ಹೆಸರನ್ನು ಎಡ ಅಂಚಿನಿಂದ ಆರಂಭಿಸಿ, ಬಲಗಡೆ ಸುಮಾರು 250 ಪಿಕ್ಸೆಲ್ ಖಾಲಿ ಬಿಡುತ್ತೇನೆ. ದರದ ಅಂಕಿ ಆ ಖಾಲಿ ಜಾಗದ ಮೇಲ್ಭಾಗದಲ್ಲಿ, ನೋಟೊ 900ರಲ್ಲಿ.