ಆಧಾರ್ ಫೋಟೊ ಮುಂದೆ ಕಳಿಸುವ ಮೊದಲೇ ಹೇಳಿ: ನಮ್ಮ ಪ್ರವಾಸದ ಗುಂಪಿನಲ್ಲಿ ಆದದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಕನ್ನಡ ಶಾಲೆಯ ಹಳೆ ವಿದ್ಯಾರ್ಥಿಗಳು 27 ಜನ ಹಂಪಿ, ಬಾದಾಮಿ ನೋಡಲು ಹೊರಟೆವು. ಬಸ್ಸು, ರೂಮು, ಊಟ ಎಲ್ಲ ವಹಿಸಿಕೊಂಡವನು ನಾನು. ಟ್ರಾವೆಲ್ಸಿನವರು "ಎಲ್ಲರ ಐಡಿ ಕಳಿಸಿಬಿಡಿ" ಎಂದರು. ನಾನು ವಾಟ್ಸಾಪ್ ಗುಂಪಿನಲ್ಲಿ ಬರೆದೆ: "ಎಲ್ಲರೂ ಆಧಾರ್ ಕಾರ್ಡಿನ ಎರಡೂ ಬದಿಯ ಫೋಟೊ ಇಲ್ಲಿ ಹಾಕಿ."

ಸಂಜೆಯೊಳಗೆ 27 ಕಾರ್ಡೂ ಬಂದವು. ಎಲ್ಲವನ್ನೂ ಸೇರಿಸಿ ಒಂದು ಪಿಡಿಎಫ್ ಮಾಡಿದೆ. "ನಿಮ್ಮದು ಇದೆಯಾ ನೋಡಿಕೊಳ್ಳಿ" ಎಂದು ಅದನ್ನೂ ಗುಂಪಿಗೇ ಹಾಕಿದೆ. ಆಮೇಲೆ ಟ್ರಾವೆಲ್ಸಿಗೆ ಕಳಿಸಿದೆ. ಅವರು ಲಾಡ್ಜಿಗೆ ಕಳಿಸಿದರು. ಅಲ್ಲಿಂದ ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

ಪ್ರವಾಸ ಮುಗಿದು ಸುಮಾರು ಒಂದೂವರೆ ತಿಂಗಳಾಗಿತ್ತು. ನಮ್ಮ ಗುಂಪಿನ ಒಬ್ಬರು ಅಕ್ಕನಿಗೆ ಫೋನ್ ಬಂತು. ನಿಮ್ಮ ಆಧಾರ್ ಮೇಲೆ ಒಂದು ಪಾರ್ಸೆಲ್ ಬಂದಿದೆ, ಅದರಲ್ಲಿ ಮಾದಕ ವಸ್ತು ಸಿಕ್ಕಿದೆ, ಪೊಲೀಸ್ ಕೇಸ್ ಆಗುತ್ತದೆ ಎಂಬ ಮಾತು. ಇಂಥ ಕರೆ ಮೋಸ ಎಂದು ಅವರಿಗೂ ಗೊತ್ತಿತ್ತು. ಕೇಳಿ ಇಟ್ಟುಬಿಡುವವರೇ. ಆದರೆ ಆ ಮನುಷ್ಯ ಅವರ 12 ಅಂಕಿಯ ನಂಬರ್, ಹುಟ್ಟಿದ ತಾರೀಕು, ಮನೆ ಹೆಸರು ಎಲ್ಲ ಒಂದೊಂದಾಗಿ ಓದಿ ಹೇಳಿದ. ಅಷ್ಟು ಸಾಕಾಯಿತು. ಹೆದರಿ 38 ಸಾವಿರ ಕಳಿಸಿದರು.

ಮರುದಿನ ಅವರ ಮನೆಗೆ ಹೋದಾಗ ಅವರು ಒಂದು ಮಾತು ಹೇಳಿದರು. "ಅವ ನಮ್ಮ ಮನೆಗೆ ನಡುಮನ ಅಂದ." ಮನೆಯ ಹೆಸರು ನಡುಮನೆ. ನಮ್ಮ ಕಡೆ ಎಷ್ಟೋ ಮನೆ ಹೆಸರುಗಳು ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಹೀಗೆ ಕೆಡುತ್ತವೆ ಅಲ್ವಾ? ಅವರ ಆಧಾರಿನಲ್ಲಿ ಇರುವುದು ಆ ಕೆಟ್ಟ ರೂಪ. ಊರಿನವರು ಯಾರೂ ಹಾಗೆ ಹೇಳುವುದಿಲ್ಲ. ಆ ಮನುಷ್ಯ ಕಾರ್ಡನ್ನೇ ಎದುರಿಗೆ ಇಟ್ಟುಕೊಂಡು ಓದಿದ್ದ. ಅದು ನಮ್ಮ ಫೈಲೇ ಎಂದು ಸಾಬೀತು ಮಾಡಲು ಆಗುವುದಿಲ್ಲ. ಆದರೆ ಆ ಕಾರ್ಡನ್ನು ಅವರು ಫೋನಿನಿಂದ ಬೇರೆಲ್ಲಿಗೂ ಕಳಿಸಿದ ನೆನಪು ಅವರಿಗಿಲ್ಲ.

ಈಗ ಹಿಂದೆ ತಿರುಗಿ ನೋಡಿದರೆ, ನಂಬರ್ ಮುಚ್ಚಿ ಕಳಿಸಿ ಎಂದು ಹೇಳಬೇಕಾಗಿದ್ದ ಹೊತ್ತು ನಾನು ಕಾರ್ಡ್ ಕೇಳಿದ ಹೊತ್ತೇ. ಫೋಟೊ ಗುಂಪಿಗೆ ಬಿದ್ದ ಮೇಲೆ ಅದು 27 ಫೋನುಗಳಲ್ಲಿ ಇರುತ್ತದೆ. ವಾಟ್ಸಾಪಿನಲ್ಲಿ ಎಲ್ಲರಿಗೂ ಅಳಿಸುವ ಅವಕಾಶ ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರೊಳಗೆ ಅಳಿಸಿದರೂ ಯಾರಾದರೂ ಗ್ಯಾಲರಿಗೆ ಇಳಿಸಿಕೊಂಡಿದ್ದರೆ, ಮುಂದೆ ಕಳಿಸಿದ್ದರೆ ಅದು ಉಳಿದೇ ಉಳಿಯುತ್ತದೆ. ಪಿಡಿಎಫ್ ಮಾಡಿ ಹೊರಗೆ ಕಳಿಸಿದ ಮೇಲಂತೂ ಮುಚ್ಚುವ ಮಾತೇ ಇಲ್ಲ.

ಹಾಗಾಗಿ ಈಗ ನಾನು ಕೇಳುವ ಮೊದಲು ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದನ್ನು ತೆಗೆದುಕೊಳ್ಳುವವರು ಆ ನಂಬರಿನಿಂದ ಏನು ಮಾಡುತ್ತಾರೆ? ಬ್ಯಾಂಕಿನ ಕೆವೈಸಿ, ಸರಕಾರದ ಸವಲತ್ತಿನ ಅರ್ಜಿ ಇಂಥದ್ದಕ್ಕೆ ನಂಬರ್ ಬೇಕಾಗಬಹುದು. ಅಲ್ಲಿ ಮುಚ್ಚಿ ಎಂದು ಹೇಳಿದರೆ ಅರ್ಜಿ ವಾಪಸು ಬಂದೀತು. ಅಲ್ಲಿ ಹೇಳಬೇಕಾದದ್ದು ಬೇರೆ: ನೀವೇ ನೇರವಾಗಿ ಕೊಡಿ, ನಡುವೆ ಯಾರ ಕೈಗೂ ಕೊಡಬೇಡಿ. ನಮ್ಮ ಪ್ರವಾಸದಲ್ಲಿ ಟ್ರಾವೆಲ್ಸಿಗೆ ಬೇಕಾಗಿದ್ದದ್ದು ಹೆಸರು ಮತ್ತು ವಯಸ್ಸು. ನಾನು ಆಮೇಲೆ ವಿಚಾರಿಸಿದಾಗ ಅವರೇ ಹಾಗೆ ಹೇಳಿದರು. ಲಾಡ್ಜಿನಲ್ಲಿ ಹೇಗೂ ಕೌಂಟರಿನಲ್ಲಿ ಕಾರ್ಡ್ ತೋರಿಸಿದೆವು. ಇನ್ನು ಗುಂಪಿನ ಉಳಿದ 26 ಜನರಿಗೆ ಆ ಅಕ್ಕನ ಕಾರ್ಡಿನಿಂದ ಏನೂ ಬೇಕಿರಲಿಲ್ಲ. ಹೆಸರಿನ ಮುಂದೆ ಒಂದು ಗುರುತು ಹಾಕಿ ಪಟ್ಟಿ ಕಳಿಸಿದ್ದರೆ ಸಾಕಿತ್ತು.

ನಕಲು ಕೊಡಲೇಬೇಕು, ಆದರೆ ನಂಬರ್ ಬೇಡ ಎನ್ನುವ ಜಾಗಕ್ಕೆ ಮಾಸ್ಕ್ಡ್ ಆಧಾರ್ ಇದೆ. myaadhaar.uidai.gov.in ನಲ್ಲಿ ಆಧಾರ್ ಡೌನ್‌ಲೋಡ್ ಮಾಡುವಾಗ ಮಾಸ್ಕ್ಡ್ ಬೇಕಾ ಎಂದು ಕೇಳುವ ಚೌಕ ಇರುತ್ತದೆ. ಅದಕ್ಕೆ ಟಿಕ್ ಮಾಡಿದರೆ ಮೊದಲ 8 ಅಂಕಿ ಮರೆಯಾಗಿ, ಕೊನೆಯ 4 ಮಾತ್ರ ಕಾಣುತ್ತದೆ. ಆದರೆ ಒಂದು ವಿಷಯ ಗಮನಿಸಿ. ಹುಟ್ಟಿದ ತಾರೀಕು, ವಿಳಾಸ ಹಾಗೇ ಇರುತ್ತದೆ. ಆ ಅಕ್ಕನನ್ನು ನಂಬಿಸಿದ್ದರಲ್ಲಿ ಅರ್ಧ ಪಾಲು ನಂಬರಿನದು, ಅರ್ಧ ಪಾಲು ವಿಳಾಸದ್ದು. ಹಾಗಾಗಿ ಅದು ಬೇಡದ ಕಡೆ ಅದನ್ನೂ ಮುಚ್ಚಬೇಕು.

ಮುಚ್ಚುವುದರಲ್ಲೂ ನಾನು ತಪ್ಪಿದೆ. ಈ ಘಟನೆ ಆದ ಮೇಲೆ ಇನ್ನೊಂದು ಕೆಲಸಕ್ಕೆ ನಾಲ್ಕು ಜನರ ಕಾರ್ಡ್ ಬೇಕಾಯಿತು. ಫೋನಿನಲ್ಲೇ ನಂಬರನ್ನು ಕಪ್ಪು ಮಾಡಿ ಮುಚ್ಚಿ, ಮಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಸ್ವಂತ ಅಕ್ಕನ ಮಗನಿಗೆ ನೋಡಲು ಕಳಿಸಿದೆ. ಐದು ನಿಮಿಷದಲ್ಲಿ ಫೋನ್ ಮಾಡಿದ. "ಮಾವ, ಮೂರು ಜನರ ನಂಬರ್ ಪೂರ್ತಿ ಸಿಗ್ತದೆ."

ಒಂದು ಕಾರ್ಡಿಗೆ ನಾನು ಬಳಸಿದ್ದು ಹೈಲೈಟರ್ ಪೆನ್. ಕಪ್ಪಾಗಿ ಕಂಡರೂ ಅದು ಅರೆಪಾರದರ್ಶಕ. ಅವನು ಫೋಟೊದ ಬೆಳಕು ಜಾಸ್ತಿ ಮಾಡಿದಾಗ ಕಪ್ಪಿನ ಅಡಿಯಿಂದ ಅಂಕಿಗಳು ಎದ್ದು ಬಂದವು. ಇನ್ನೊಂದು ಡೌನ್‌ಲೋಡ್ ಮಾಡಿದ ಪಿಡಿಎಫ್. ನಾನು ಅದರ ಮೇಲೆ ಕಪ್ಪು ಚೌಕ ಇಟ್ಟಿದ್ದೆ. ಕೆಳಗಿನ ಅಕ್ಷರ ಹಾಗೇ ಇತ್ತು. ಅವನು ಆ ಜಾಗವನ್ನು ಆಯ್ದು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದ, ನಂಬರ್ ಬಂತು. ಮೂರನೆಯದು ಹಳೆಯ ಕಾರ್ಡ್. ನಂಬರ್ ಚೆನ್ನಾಗಿ ಮುಚ್ಚಿದ್ದೆ, ಕ್ಯೂಆರ್ ಕೋಡ್ ಬಿಟ್ಟಿದ್ದೆ. 2018ಕ್ಕಿಂತ ಹಿಂದಿನ ಕಾರ್ಡುಗಳ ಕ್ಯೂಆರ್‌ನಲ್ಲಿ ಪೂರ್ತಿ ನಂಬರ್ ಸಾದಾ ಅಕ್ಷರದಲ್ಲಿ ಇರುತ್ತದೆ, ಸಾಮಾನ್ಯ ಸ್ಕ್ಯಾನರ್ ಓದುತ್ತದೆ. ಈಗಿನ ಕ್ಯೂಆರ್‌ನಲ್ಲಿ ಪೂರ್ತಿ ನಂಬರ್ ಇಲ್ಲ. ಆದರೆ ಹೆಸರು, ವಿಳಾಸ, ಹುಟ್ಟಿದ ತಾರೀಕು ಇವೆ. ಹಳೆಯದಾಗಲಿ ಹೊಸದಾಗಲಿ, ಕ್ಯೂಆರ್ ಕೋಡನ್ನೂ ಮುಚ್ಚುವುದೇ ಒಳ್ಳೆಯದು.

ಈಗ ನಾನು ಮಾಡುವುದು ಹೀಗೆ. ತುಂಬು ಬಣ್ಣದ ಚೌಕ ಇಡುತ್ತೇನೆ. ಆಮೇಲೆ ಅದರ ಸ್ಕ್ರೀನ್‌ಶಾಟ್ ತೆಗೆದು, ಸ್ಕ್ರೀನ್‌ಶಾಟನ್ನೇ ಕಳಿಸುತ್ತೇನೆ. ಆಗ ಅಡಿಯಲ್ಲಿ ಅಕ್ಷರ ಉಳಿಯುವುದಿಲ್ಲ. ನಂಬರ್ ಒಂದೇ ಕಡೆ ಇರುವುದಿಲ್ಲ, ಮುಂದೆಯೂ ಹಿಂದೆಯೂ ಇರುತ್ತದೆ. ಇಡೀ ಕಾಗದ ಆದರೆ ಮೇಲ್ಭಾಗದಲ್ಲೂ ಇರುತ್ತದೆ. ಕೆಲವದರಲ್ಲಿ ಆಧಾರ್ ನಂಬರಿನ ಬದಲಿಗೆ ಬಳಸುವ 16 ಅಂಕಿಯ ವಿಐಡಿ ಕೂಡ ಇರುತ್ತದೆ. ಎಲ್ಲವನ್ನೂ ಹುಡುಕಿ ನೋಡಿ.

ಯಾರಾದರೂ ಈಗಲೂ ಗುಂಪಿನಲ್ಲಿ ಪೂರ್ತಿ ಕಾರ್ಡ್ ಹಾಕಿದರೆ ನಾನು ಎಲ್ಲರೆದುರು ಬೈಯುವುದಿಲ್ಲ. ಬೈದರೆ ಎಲ್ಲರೂ ಅದನ್ನೇ ತೆರೆದು ನೋಡುತ್ತಾರೆ. ಖಾಸಗಿಯಾಗಿ ಫೋನ್ ಮಾಡಿ "ಅದನ್ನು ಈಗಲೇ ಎಲ್ಲರಿಗೂ ಅಳಿಸಿ, ಮುಚ್ಚಿದ್ದನ್ನು ನನಗೊಬ್ಬನಿಗೆ ಕಳಿಸಿ" ಎನ್ನುತ್ತೇನೆ.

ಆಗಲೇ ಹೋಗಿಬಿಟ್ಟಿದ್ದರೆ? ನಾವು ಮಾಡಿದ್ದು ಹೇಳುತ್ತೇನೆ. ಮರುದಿನ ಬೆಳಗ್ಗೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲಿ ದೂರು ಕೊಟ್ಟೆವು. ಹಣ ಇನ್ನೂ ಬಂದಿಲ್ಲ. ಹಣ ಹೋದ ಗಂಟೆಯಲ್ಲೇ ಕರೆದಿದ್ದರೆ ತಡೆಹಿಡಿಯುವ ಸಾಧ್ಯತೆ ಜಾಸ್ತಿ ಇತ್ತು. ಎಂಆಧಾರ್ ಆ್ಯಪಿನಲ್ಲಿ ಅವರ ಬಯೊಮೆಟ್ರಿಕ್ ಲಾಕ್ ಮಾಡಿದೆವು. sancharsaathi.gov.in ನಲ್ಲಿ ಅವರ ಹೆಸರಲ್ಲಿ ಎಷ್ಟು ಸಿಮ್ ಇವೆ ನೋಡಿದೆವು. ಎರಡು ಇತ್ತು, ಎರಡೂ ಅವರದೇ. ನಾನು ಉಳಿದ 25 ಜನರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿ ಆದದ್ದನ್ನು ಹೇಳಿದೆ. ಯಾರಾದರೂ ನಂಬರ್, ಮನೆ ಹೆಸರು ಓದಿ ಹೇಳಿದರೂ ನಂಬಬೇಡಿ, ಅದು ನನ್ನ ಫೈಲಿನಿಂದ ಹೋಗಿರಬಹುದು ಎಂದೆ.

ಮುಂದಿನ ತಿಂಗಳು ಗೋಕರ್ಣಕ್ಕೆ ಹೋಗುವವರಿಗೆ ಈ ಸಲ ನಾನು ಬರೆದದ್ದು ಇಷ್ಟು: "ಹೆಸರು ಮತ್ತು ವಯಸ್ಸು ನನಗೆ ಮಾತ್ರ ಕಳಿಸಿ. ಕಾರ್ಡ್ ಫೋಟೊ ಬೇಡ. ಕಾರ್ಡನ್ನು ಕೈಯಲ್ಲಿ ತನ್ನಿ, ರೂಮಿನ ಕೌಂಟರಿನಲ್ಲಿ ನೀವೇ ತೋರಿಸಿ."