ಎಕ್ಸೆಲ್‌ನ Freeze Panes: ಅಡತಿ ಅಂಗಡಿಯಲ್ಲಿ ಆರು ಸುಗ್ಗಿ ಬಳಸಿದ ಮೇಲೆ

ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಡಿಸೆಂಬರ್‌ನಲ್ಲಿ ತೊಗರಿ ಬರಲು ಶುರುವಾದರೆ ಎರಡು ಮೂರು ತಿಂಗಳು ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಆಳಂದ, ಜೇವರ್ಗಿ, ಚಿಂಚೋಳಿ, ಸೇಡಂ ಕಡೆಯಿಂದ ಬಂದ ಮಾಲೆಲ್ಲ ಒಂದೇ ಎಕ್ಸೆಲ್ ಹಾಳೆಯಲ್ಲಿ ಏರುತ್ತದೆ. ಸುಗ್ಗಿ ಮುಗಿಯುವ ಹೊತ್ತಿಗೆ ಒಂಬೈನೂರು ಸಾಲು, ಇಪ್ಪತ್ತೆರಡು ಕಾಲಂ. ಇಂಥ ಹಾಳೆಯಲ್ಲಿ ತಲೆಬರಹ ಕಣ್ಣೆದುರಿನಿಂದ ಜಾರದಂತೆ ಹಿಡಿದಿಡುವ Freeze Panes ಸೌಲಭ್ಯವನ್ನು ಆರು ಸುಗ್ಗಿಗಳಿಂದ ಬಳಸುತ್ತಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ಒಂದು ಅಂಕ ಯಾಕೆ ಕಳೆದೆ ಎಂಬುದೇ ಈ ಬರಹದ ಹೆಚ್ಚು ಭಾಗ.

ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. View ಪಟ್ಟಿಯಲ್ಲಿ Freeze Panes ಒತ್ತಿದರೆ ಮೂರು ಆಯ್ಕೆ ಕಾಣುತ್ತವೆ. ಅದರಲ್ಲಿ Freeze Top Row ಒತ್ತಿ, ಮೇಲಿನ ಸಾಲು ಅಲ್ಲಾಡದೆ ನಿಂತದ್ದನ್ನು ನೋಡಿ ಕೆಲಸ ಮುಗಿಯಿತು ಎಂದುಕೊಂಡೆ. ಕೆಳಗೆ ಎಷ್ಟು ಇಳಿದರೂ ದರ ಯಾವುದು, ತೂಕ ಯಾವುದು, ಮುಂಗಡ ಯಾವುದು ಎಂದು ಗೊತ್ತಾಗುತ್ತಿತ್ತು. ಆದರೆ ಮುಂಗಡದ ಕಾಲಂ ಇದ್ದದ್ದು ಬಲಕ್ಕೆ ಬಹಳ ದೂರ. ಅಲ್ಲಿಗೆ ಹೋಗುವಷ್ಟರಲ್ಲಿ ಎಡಗಡೆಯ ರೈತರ ಹೆಸರು ತೆರೆಯಿಂದ ಆಚೆ ಹೋಗಿಬಿಡುತ್ತಿತ್ತು. ಕಾಲಂ ಯಾವುದೆಂದು ಗೊತ್ತು, ಸಾಲು ಯಾರದೆಂದು ಗೊತ್ತಿಲ್ಲ.

ಆ ಜನವರಿಯಲ್ಲಿ ಒಬ್ಬ ರೈತರಿಗೆ 9 ಕ್ವಿಂಟಾಲ್ 40 ಕೆ.ಜಿ. ತೊಗರಿಗೆ 7,000 ದರದಂತೆ 65,800 ರೂಪಾಯಿ ಕೊಡಬೇಕಿತ್ತು. ಚೀಟಿಯಲ್ಲಿ ಬಂದದ್ದು 50,800. ಅವರು ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ, ‘ನನ್ನ ಮೇಲೆ ಯಾವ ಮುಂಗಡವೂ ಇಲ್ಲವಲ್ಲರೀ’ ಎಂದರು. ನಿಜವಾಗಿಯೂ ಇರಲಿಲ್ಲ. ಮೇಲಿನ ಸಾಲಿನವರ 15,000 ಮುಂಗಡವನ್ನು ನಾನು ಒಂದು ಸಾಲು ಕೆಳಗೆ ಬರೆದಿದ್ದೆ. ಮೇಲಿನವರು ಪೂರ್ತಿ ಹಣ ಎಣಿಸಿಕೊಂಡು ಹಿಂದಿನ ದಿನವೇ ಊರಿಗೆ ಹೋಗಿದ್ದರು. ಅದನ್ನು ವಾಪಸು ತರಲು ಚಿಂಚೋಳಿ ಬಸ್ ಹತ್ತಿದವನು ನಾನೇ.

ಸರಿ, ಹೆಸರನ್ನೂ ಕಟ್ಟಿಹಾಕೋಣ ಎಂದು Freeze First Column ಒತ್ತಿದೆ. ಮೊದಲ ಕಾಲಂ ನಿಂತಿತು, ಮೇಲಿನ ಸಾಲು ಬಿಟ್ಟುಹೋಯಿತು. ಮತ್ತೆ Freeze Top Row ಒತ್ತಿದೆ, ಸಾಲು ನಿಂತಿತು, ಕಾಲಂ ಹೋಯಿತು. ಈ ಎರಡು ಆಯ್ಕೆಗಳು ಒಂದರ ಮೇಲೊಂದು ಸೇರಿಕೊಳ್ಳುವುದಿಲ್ಲ, ಎರಡನೆಯದು ಮೊದಲನೆಯದನ್ನು ಅಳಿಸಿಬಿಡುತ್ತದೆ. ಪಟ್ಟಿಯಲ್ಲಿ ಅಕ್ಕಪಕ್ಕ ಇಟ್ಟವರು ಅದನ್ನೊಂದು ಮಾತಿನಲ್ಲಿ ಹೇಳಬಹುದಿತ್ತು. ಎರಡೂ ಬೇಕೆಂದರೆ ಇವೆರಡನ್ನೂ ಮರೆತು, ಮೇಲಿರುವ ಬರೀ Freeze Panes ಎಂಬುದನ್ನೇ ಒತ್ತಬೇಕು. ಅದಕ್ಕೂ ಮೊದಲು ಕರ್ಸರ್ ಎಲ್ಲಿ ಕೂತಿದೆ ಎಂಬುದೇ ಮುಖ್ಯ. ಯಾವ ಸೆಲ್ ಮೇಲೆ ನಿಂತಿದ್ದೀರೋ ಅದರ ಮೇಲಿನ ಸಾಲುಗಳೂ ಅದರ ಎಡಗಡೆಯ ಕಾಲಂಗಳೂ ನಿಲ್ಲುತ್ತವೆ, ಆ ಸೆಲ್ ಮಾತ್ರ ಓಡಾಡುವ ಭಾಗಕ್ಕೆ ಸೇರುತ್ತದೆ. ಒಂದು ಸಾಲು, ಒಂದು ಕಾಲಂ ಸಾಕೆಂದರೆ B2 ಮೇಲೆ ನಿಲ್ಲಬೇಕು.

ನಮ್ಮ ಹಾಳೆಗೆ ಅದು ಸಾಲಲಿಲ್ಲ. A ಕಾಲಂನಲ್ಲಿ ಕ್ರಮ ಸಂಖ್ಯೆ, B ಯಲ್ಲಿ ಹೆಸರು. ಹೆಸರೊಂದಿದ್ದರೆ ಸಾಕು ಎಂದು ಬೇರೆ ಊರಿನವರು ಹೇಳಬಹುದು. ಶರಣಬಸವೇಶ್ವರರ ಊರಿನಲ್ಲಿ ಹಾಗಲ್ಲ, ನಮ್ಮ ಪಟ್ಟಿಯಲ್ಲಿ ಶರಣಪ್ಪ ಎಂಬವರೇ ಹನ್ನೊಂದು ಜನ. ಹೆಸರಿನ ಜೊತೆ ಊರೂ ಕಂಡರೆ ಮಾತ್ರ ಸಾಲು ಯಾರದೆಂದು ಖಾತ್ರಿ. ಹಾಗಾಗಿ ಎಂಟನೆಯ ಕಾಲಂನಲ್ಲಿದ್ದ ಊರನ್ನು C ಗೆ ತಂದೆ. ಮೊದಲ ವರ್ಷ ತಲೆಬರಹವೊಂದೇ ಇದ್ದ ಮೇಲುಗಡೆ ಈಗ ಮೂರು ಸಾಲು: ಒಂದನೆಯದರಲ್ಲಿ ದೊಡ್ಡ ಅಕ್ಷರದಲ್ಲಿ ‘ಶ್ರೀ ಶರಣಬಸವೇಶ್ವರ ಪ್ರಸನ್ನ’, ಎರಡನೆಯದರಲ್ಲಿ ಅಂಗಡಿಯ ಹೆಸರು, ಮೂರನೆಯದರಲ್ಲಿ ನಿಜವಾದ ತಲೆಬರಹ. ಆದ್ದರಿಂದ D4 ಮೇಲೆ ನಿಂತು Freeze Panes ಒತ್ತಿದೆ. ಕೀಬೋರ್ಡ್ ಇಷ್ಟಪಡುವವರು Alt, W, F, F ಎಂದು ಒಂದಾದ ಮೇಲೊಂದು ಒತ್ತಬಹುದು. ಸರಿಯಾಗಿ ಕೂತಿದೆಯೇ ಎಂದು ನೋಡಲು Ctrl+Home ಒತ್ತುತ್ತೇನೆ. ಕಟ್ಟಿದ ಹಾಳೆಯಲ್ಲಿ ಕರ್ಸರ್ A1 ಗೆ ಹೋಗುವುದಿಲ್ಲ, ಓಡಾಡುವ ಭಾಗದ ಮೊದಲ ಸೆಲ್‌ಗೆ, ಅಂದರೆ ಇಲ್ಲಿ D4 ಗೆ ಬಂದು ನಿಲ್ಲುತ್ತದೆ. ಬೇರೆ ಕಡೆ ನಿಂತರೆ ಕಟ್ಟಿದ ಜಾಗ ತಪ್ಪಿದೆ ಎಂದರ್ಥ. ಆಗ ಮೊದಲು Unfreeze Panes ಒತ್ತಿ ಬಿಚ್ಚಿ, ಮತ್ತೆ ಕಟ್ಟಬೇಕು.

ಇದಾದ ಮೇಲೆ ಮುಂಗಡದ ತಪ್ಪು ಮರುಕಳಿಸಲಿಲ್ಲ. ನಾಲ್ಕನೆಯ ಸುಗ್ಗಿಯಲ್ಲಿ ಇನ್ನೊಂದು ಫಜೀತಿ ಬಂತು.

ಊಟಕ್ಕೆ ಹೋಗಿ ಬರುವಷ್ಟರಲ್ಲಿ, ಹೊಸದಾಗಿ ಸೇರಿದ ಹುಡುಗ ಮುಖ ಸಣ್ಣ ಮಾಡಿಕೊಂಡು ಕೂತಿದ್ದ. ‘ಅಣ್ಣಾ, ಡಿಸೆಂಬರ್ ಪೂರ್ತಿ ಅಳಿಸಿಹೋಗಿದೆ’ ಎಂದ. ನೋಡಿದರೆ ಹಾಳೆ 380ನೆಯ ಸಾಲಿನಿಂದ ಶುರು. ಮೇಲಕ್ಕೆ ಎಷ್ಟು ಎಳೆದರೂ 380ರ ಆಚೆ ಏನೂ ಇಲ್ಲ. ಸಾಲುಗಳು ಅಡಗಿರಬೇಕೆಂದು Unhide ಮಾಡಿದೆ, ಏನೂ ಆಗಲಿಲ್ಲ. ಬ್ಯಾಕಪ್ ಹುಡುಕಲು ಹೊರಟವನಿಗೆ ಒಂದು ಯೋಚನೆ ಬಂತು. ಎಡ ಮೂಲೆಯಲ್ಲಿ ಸೆಲ್‌ನ ಹೆಸರು ತೋರಿಸುವ ಪೆಟ್ಟಿಗೆಯಲ್ಲಿ A1 ಎಂದು ಬರೆದು Enter ಒತ್ತಿದೆ. ತೆರೆಯ ಮೇಲೆ ಏನೂ ಕದಲಲಿಲ್ಲ, ಆದರೆ ಮೇಲಿನ ಸೂತ್ರದ ಪಟ್ಟಿಯಲ್ಲಿ ‘ಶ್ರೀ ಶರಣಬಸವೇಶ್ವರ ಪ್ರಸನ್ನ’ ಎಂದು ಕಾಣಿಸಿತು. ಜೀವ ಬಂದಂತಾಯಿತು. ಮಾಹಿತಿ ಎಲ್ಲೂ ಹೋಗಿರಲಿಲ್ಲ, ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೇ.

ಆದದ್ದು ಇಷ್ಟು. ಹುಡುಗ ಯಾಕೋ ಕಟ್ಟು ಬಿಚ್ಚಿದ್ದ. ಮತ್ತೆ ಕಟ್ಟುವಾಗ ಹಾಳೆ 380ನೆಯ ಸಾಲಿಗೆ ಇಳಿದಿತ್ತು, ಅಲ್ಲಿಯೇ Freeze Top Row ಒತ್ತಿದ್ದ. ಅದರ ಹೆಸರು ನಂಬಿದರೆ ಮೊದಲ ಸಾಲು ನಿಲ್ಲಬೇಕು. ನಿಲ್ಲುವುದು ಆ ಕ್ಷಣ ತೆರೆಯಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಸಾಲು. ಅದಕ್ಕಿಂತ ಮೇಲಿನವೆಲ್ಲ ಎಳೆದರೆ ಸಿಗದ ಜಾಗಕ್ಕೆ ಸರಿದುಬಿಡುತ್ತವೆ. Freeze Panes ಒತ್ತಿದಾಗಲೂ ಇದೇ ಕಥೆ. ಅಡಗಿಸಿದ ಸಾಲುಗಳಿಗೂ ಇದಕ್ಕೂ ವ್ಯತ್ಯಾಸ ತಿಳಿಯಲು Unhide ಮಾಡಿ ನೋಡಬೇಕು. ಸಾಲು ಅಡಗಿಸಿದ್ದರೆ Unhide ಅದನ್ನು ಹೊರತರುತ್ತದೆ. ಇಲ್ಲಿ ಹಾಳೆಯೇ ದೊಡ್ಡ ಸಂಖ್ಯೆಯಿಂದ ಶುರುವಾಗುತ್ತದೆ, Unhide ಕೇಳುವುದಿಲ್ಲ. Unfreeze Panes ಒತ್ತಿ, ಮೇಲಕ್ಕೆ ಹೋದರೆ ಎಲ್ಲವೂ ಇದ್ದಲ್ಲೇ ಇರುತ್ತದೆ. ನಾನು ಕಳೆದ ಒಂದು ಅಂಕದ ಬಹುಪಾಲು ಈ ನಡವಳಿಕೆಗೇ ಸೇರಬೇಕು. ಹೊಸಬರು ಇಂಥ ಹೊತ್ತಿನಲ್ಲಿ ಹೆದರಿ, ಹಳೆಯ ಫೈಲನ್ನು ಹೊಸದರ ಮೇಲೆ ಉಳಿಸಿಬಿಟ್ಟರೆ ಆಗ ನಿಜವಾಗಿಯೇ ನಷ್ಟ.

ಮೊಬೈಲ್‌ನ ವಿಷಯವನ್ನೂ ಹೇಳಬೇಕು. ಸಾಹುಕಾರರು ಬಾಕಿ ನೋಡುವುದು ಫೋನಿನಲ್ಲಿ, ಅದಕ್ಕಾಗಿ ಅದೇ ಪಟ್ಟಿಯ ಒಂದು ಪ್ರತಿ ಗೂಗಲ್ ಶೀಟ್ಸ್‌ನಲ್ಲಿದೆ. ಅದನ್ನು ಕಂಪ್ಯೂಟರ್‌ನಲ್ಲಿ ತೆರೆದು View, Freeze ಎಂದು ಹೋಗಿ ಎಷ್ಟು ಸಾಲು, ಎಷ್ಟು ಕಾಲಂ ಎಂದು ಬೇರೆ ಬೇರೆಯಾಗಿ ಆರಿಸಬಹುದು, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಈ ಮಟ್ಟಿಗೆ ಅದೇ ಜಾಣ. ಆದರೆ ದೇವರ ಹೆಸರಿನ ಸಾಲಿನಲ್ಲಿ ನಾನು ಇಪ್ಪತ್ತೆರಡೂ ಸೆಲ್‌ಗಳನ್ನು ಒಂದಾಗಿ ಕೂಡಿಸಿದ್ದೆ, ಹೀಗೆ ಕೂಡಿಸಿದ ಸೆಲ್‌ನ ನಡುವೆ ಕಾಲಂ ಕಟ್ಟಲು ಅದು ಒಪ್ಪಲಿಲ್ಲ. ಕೂಡಿಸಿದ್ದನ್ನು ಬಿಡಿಸಿದ ಮೇಲೆ ಒಪ್ಪಿತು. ಇನ್ನೊಂದು ಒಳ್ಳೆಯ ಗುಣವೆಂದರೆ, ಇಡೀ ಹಾಳೆಯನ್ನು ಅಕಾರಾದಿಯಾಗಿ ಜೋಡಿಸುವಾಗ ಕಟ್ಟಿದ ಸಾಲುಗಳನ್ನು ಅದು ಮುಟ್ಟುವುದಿಲ್ಲ. ಎಕ್ಸೆಲ್‌ನಲ್ಲಿ ಕಟ್ಟುವುದಕ್ಕೂ ಜೋಡಿಸುವುದಕ್ಕೂ ಸಂಬಂಧವೇ ಇಲ್ಲ, ಅಲ್ಲಿ ತಲೆಬರಹ ಯಾವುದೆಂದು ಬೇರೆಯಾಗಿ ತಿಳಿಸಬೇಕು. ಫೋನಿನ ಸಣ್ಣ ತೆರೆಯಲ್ಲಿ ಮೂರು ಕಾಲಂ ಕಟ್ಟಿದರೆ ಓಡಾಡಲು ಬೆರಳಗಲ ಜಾಗವೂ ಉಳಿಯುವುದಿಲ್ಲ. ಸಾಹುಕಾರರು ಫೋನೇ ಕೆಟ್ಟಿದೆ ಎಂದು ರಿಪೇರಿಗೆ ಕೊಡಲು ಹೊರಟಿದ್ದರು. ಅವರ ಪ್ರತಿಯಲ್ಲಿ ಈಗ ಹೆಸರು ಊರು ಎರಡನ್ನೂ ಒಂದೇ ಸೆಲ್‌ನಲ್ಲಿ ಬರೆದು, ಅದೊಂದೇ ಕಾಲಂ ಕಟ್ಟಿದ್ದೇನೆ.

ಅಂಗಡಿಯ ಲ್ಯಾಪ್‌ಟಾಪ್‌ನಲ್ಲೂ ಜಾಗದ ತಕರಾರು ಇತ್ತು. ದೇವರ ಹೆಸರು, ಅಂಗಡಿಯ ಹೆಸರು ಎರಡೂ ಸೇರಿ ಆರೇಳು ಸಾಲಿನಷ್ಟು ಎತ್ತರ ತಿನ್ನುತ್ತಿದ್ದವು. ಕಟ್ಟಿದ ಭಾಗ ದೊಡ್ಡದಾದಷ್ಟೂ ಓಡಾಡುವ ಭಾಗ ಚಿಕ್ಕದು. ಆ ಸಾಲುಗಳನ್ನು ತೆಗೆಯಲು ಸಾಹುಕಾರರು ಒಪ್ಪುವವರಲ್ಲ. ಆಗ ಹುಡುಗನ ತಪ್ಪೇ ಕೆಲಸಕ್ಕೆ ಬಂತು. ಕಟ್ಟು ಬಿಚ್ಚಿ, ಮೂರನೆಯ ಸಾಲು ತೆರೆಯ ನೆತ್ತಿಗೆ ಬರುವಷ್ಟು ಹಾಳೆಯನ್ನು ಮೇಲಕ್ಕೆ ಸರಿಸಿ, D4 ಮೇಲೆ ನಿಂತು Freeze Panes ಒತ್ತಿದೆ. ಈಗ ತೆರೆಯಲ್ಲಿ ನಿಂತಿರುವುದು ತಲೆಬರಹದ ಒಂದೇ ಸಾಲು. ಮೇಲಿನ ಎರಡು ಸಾಲುಗಳು ಹಾಳೆಯಲ್ಲಿ ಇವೆ, ದಿನದ ಕೆಲಸದಲ್ಲಿ ಅಡ್ಡ ಬರುವುದಿಲ್ಲ. ಫೈಲ್ ಮುಚ್ಚಿ ತೆರೆದರೂ ಹೀಗೆಯೇ ಇರುತ್ತದೆ.

ಮುದ್ರಣಕ್ಕೆ ಈ ಕಟ್ಟು ಲೆಕ್ಕಕ್ಕೇ ಇಲ್ಲ. ತೆರೆಯಲ್ಲಿ ನಿಂತ ತಲೆಬರಹ ಕಾಗದದ ಎರಡನೆಯ ಪುಟದಲ್ಲಿ ತಾನಾಗಿ ಬರುವುದಿಲ್ಲ, ತೆರೆಯಿಂದ ಸರಿದ ಸಾಲುಗಳು ಕಾಗದದಲ್ಲಿ ತಪ್ಪುವುದೂ ಇಲ್ಲ. ಪ್ರತಿ ಪುಟದ ಮೇಲೂ ಬರಬೇಕೆಂದರೆ Page Layout ನಲ್ಲಿ Print Titles ತೆರೆದು, Rows to repeat at top ಎಂಬಲ್ಲಿ ಹೀಗೆ ಬರೆಯಬೇಕು:

```
$1:$3
```

ಹೊಸ ವ್ಯವಸ್ಥೆಯ ಮೊದಲ ದಿನ ಸಾಹುಕಾರರು ನನ್ನ ಹಿಂದೆ ಬಂದು ನಿಂತು, ಕನ್ನಡಕ ಸರಿಮಾಡಿಕೊಂಡು, ‘ಏನಪ್ಪಾ, ದೇವರ ಹೆಸರನ್ನೇ ತೆಗೆದುಬಿಟ್ಟೆಯಾ?’ ಎಂದರು. ನಾನು ಏನೂ ಹೇಳದೆ ಮುದ್ರಣಕ್ಕೆ ಕೊಟ್ಟೆ. ಒಂದೊಂದೇ ಪುಟ ಹೊರಬಂದಂತೆ ಎತ್ತಿ ನೋಡಿದರು. ಪ್ರತಿ ಪುಟದ ನೆತ್ತಿಯ ಮೇಲೂ ‘ಶ್ರೀ ಶರಣಬಸವೇಶ್ವರ ಪ್ರಸನ್ನ’ ಇತ್ತು. ‘ಮೊದಲು ಒಂದೇ ಪುಟದಲ್ಲಿತ್ತಲ್ಲ’ ಎಂದು ಪುಟಗಳನ್ನು ಹಣೆಗೊತ್ತಿಕೊಂಡು ಗಲ್ಲಾದ ಕಡೆ ನಡೆದರು.