ಉತ್ತರ ತಪಾಸಣೆ ಮಾಡುವ ಎಐ ಟೂಲ್: ವರ್ಷ ಬಳಸಿದ ಮೇಲೆ

ನಮ್ಮ ಚಾಟ್‌ಬಾಟ್ ಗ್ರಾಹಕರಿಗೆ ಕೊಡುವ ಉತ್ತರವನ್ನು ನಿಯಮಪುಸ್ತಕದ ಜೊತೆ ಹೋಲಿಸಿ, ತಪ್ಪಿದ್ದರೆ ಗುರುತು ಹಾಕುವುದು ಈ ಟೂಲ್‌ನ ಕೆಲಸ. ಒಂದು ವರ್ಷದಿಂದ ಬಳಸುತ್ತಿದ್ದೇನೆ. ಬಿಡುವ ಯೋಚನೆ ಇಲ್ಲ, ಆದರೆ ಒಂದು ಕೆಲಸವನ್ನು ಮಾತ್ರ ಇದಕ್ಕೆ ಪೂರ್ತಿ ಬಿಟ್ಟುಕೊಟ್ಟಿಲ್ಲ.

ಮೊದಲು ಲೆಕ್ಕ ನೋಡಿ. 200 ಉತ್ತರಗಳನ್ನು ನಮ್ಮವರೇ ಓದಿ 40 ತಪ್ಪು ಎಂದಿದ್ದರು. ಟೂಲ್ 36ಕ್ಕೆ ಗುರುತು ಹಾಕಿತು. ಅದರಲ್ಲಿ 27 ನಮ್ಮವರ ಪಟ್ಟಿಯಲ್ಲೂ ಇದ್ದವು. ಹಾಕಿದ ಗುರುತುಗಳಲ್ಲಿ ಸರಿಯಾದವು ಎಷ್ಟು ಎಂಬ ಪ್ರಿಸಿಷನ್ 27/36, ಅಂದರೆ 75%. ಇದ್ದ ತಪ್ಪುಗಳಲ್ಲಿ ಹಿಡಿದದ್ದು ಎಷ್ಟು ಎಂಬ ರೀಕಾಲ್ 27/40, 67.5%. ಡ್ಯಾಶ್‌ಬೋರ್ಡ್ ಮಾತ್ರ ನಮ್ಮವರ ತೀರ್ಪಿನ ಜೊತೆ 89% ಹೊಂದಾಣಿಕೆ ಎಂದು ದೊಡ್ಡದಾಗಿ ತೋರಿಸುತ್ತಿತ್ತು. ಏನೂ ಓದದೆ ಎಲ್ಲಕ್ಕೂ ಸುಮ್ನೆ "ಸರಿ" ಅಂದರೂ 80% ಬರುತ್ತದೆ, ಅಲ್ವಾ? ಹಾಗಾಗಿ ಆ ಅಂಕಿಯನ್ನು ನೋಡಿ ಕೊಳ್ಳಬೇಡಿ.

ನಿಜವಾದ ವಿಷಯ ಸಿಕ್ಕಿದ್ದು ಭಿನ್ನಾಭಿಪ್ರಾಯ ಬಂದ 22 ಉತ್ತರಗಳಲ್ಲಿ. ಪ್ರತಿಯೊಂದನ್ನೂ ಇನ್ನೊಬ್ಬರಿಗೆ ಕೊಟ್ಟೆವು. ಯಾವ ತೀರ್ಪು ಟೂಲ್‌ನದು, ಯಾವುದು ಮನುಷ್ಯರದು ಎಂದು ಅವರಿಗೆ ಹೇಳಲಿಲ್ಲ. ಹೇಳಿದರೆ ತೀರ್ಪು ಒಂದು ಕಡೆ ವಾಲುತ್ತದೆ. ಟೂಲ್ ಸುಮ್ಮಸುಮ್ಮನೆ ಗುರುತು ಹಾಕಿದೆ ಎಂದುಕೊಂಡಿದ್ದ 9ರಲ್ಲಿ 5 ನಿಜಕ್ಕೂ ತಪ್ಪು ಉತ್ತರಗಳು, ನಮ್ಮವರ ಕಣ್ಣು ತಪ್ಪಿದ್ದವು. ಟೂಲ್ ಬಿಟ್ಟಿದೆ ಎಂದುಕೊಂಡಿದ್ದ 13ರಲ್ಲಿ 3 ಸರಿಯಾಗೇ ಇದ್ದವು. ತಿದ್ದಿದ ಮೇಲೆ ಪ್ರಿಸಿಷನ್ 32/36, ಸುಮಾರು 89%. ರೀಕಾಲ್ 32/42, ಸುಮಾರು 76%.

ಆದರೆ ಈ ಏರಿಕೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಭಿನ್ನಾಭಿಪ್ರಾಯ ಇದ್ದಲ್ಲಿ ಮಾತ್ರ ಮತ್ತೆ ನೋಡಿದರೆ ಅಂಕಿ ಟೂಲ್ ಪರವಾಗೇ ಬದಲಾಗುತ್ತದೆ. ಟೂಲ್, ನಮ್ಮವರು ಇಬ್ಬರೂ ಸೇರಿ ತಪ್ಪಿದ್ದು ಹೊರಗೆ ಬರುವುದೇ ಇಲ್ಲ. ಅದಕ್ಕೇ ಈಗ ಒಪ್ಪಿಗೆ ಇರುವ ಉತ್ತರಗಳಿಂದಲೂ ಒಂದಷ್ಟನ್ನು ಚೀಟಿ ಎತ್ತಿದ ಹಾಗೆ ಆರಿಸಿ ಮತ್ತೆ ಓದಿಸುತ್ತೇವೆ.

ಟೂಲ್ ನಿಜಕ್ಕೂ ಬಿಟ್ಟ 10 ತಪ್ಪುಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ನಿಯಮ: "ಸೀಲ್ ಒಡೆಯದಿದ್ದರೆ 30 ದಿನದೊಳಗೆ ಹಣ ವಾಪಸ್." ಬಾಟ್ ಉತ್ತರ: "30 ದಿನದೊಳಗೆ ಹಣ ವಾಪಸ್ ಸಿಗುತ್ತದೆ." ಹೇಳಿದ ಮಾತು ನಿಯಮದಲ್ಲಿದೆ, ಷರತ್ತು ಮಾತ್ರ ಬಿಟ್ಟುಹೋಗಿದೆ. ಇರುವ ಮಾತನ್ನು ಟೂಲ್ ಚೆನ್ನಾಗಿ ಹೋಲಿಸುತ್ತದೆ, ಇಲ್ಲದ ಮಾತನ್ನು ಹುಡುಕುವುದಿಲ್ಲ. "ನಿಯಮದ ಪ್ರತಿ ಷರತ್ತೂ ಉತ್ತರದಲ್ಲಿ ಇದೆಯಾ?" ಎಂಬ ಪ್ರಶ್ನೆಯನ್ನು ಟೂಲ್‌ಗೆ ಕೊಡುವ ಸೂಚನೆಗೆ ಸೇರಿಸಿದೆವು. ಪರೀಕ್ಷೆಯನ್ನು ಹಳೆಯ 200ರ ಮೇಲೆ ಮಾಡಲಿಲ್ಲ, ಹೊಸದಾಗಿ ಲೇಬಲ್ ಮಾಡಿಸಿದ ಉತ್ತರಗಳ ಮೇಲೆ ಮಾಡಿದೆವು. ರೀಕಾಲ್ ಏರಿತು, ಸುಳ್ಳು ಗುರುತುಗಳೂ ಸ್ವಲ್ಪ ಜಾಸ್ತಿಯಾದವು. ಅವನ್ನು ಓದಿ ಬಿಡುವುದು ಸುಲಭ, ಗ್ರಾಹಕರಿಗೆ ತಪ್ಪು ಉತ್ತರ ಹೋಗುವುದಕ್ಕಿಂತ ಅದೇ ವಾಸಿ.

ಹಣ ವಾಪಸ್ ಮತ್ತು ವಾರಂಟಿ ಉತ್ತರಗಳನ್ನು ಈಗಲೂ ನಮ್ಮವರೇ ಓದುತ್ತಾರೆ. ಉಳಿದದ್ದಕ್ಕೆ ಟೂಲ್ ಗುರುತು ಹಾಕಿದ್ದನ್ನು ನೋಡಿದರೆ ಸಾಕಾಗುತ್ತಿದೆ. ಐದಕ್ಕೆ ನಾಲ್ಕು ಸ್ಟಾರ್.